ಉದ್ಘಾಟನೆಯ ಸಾಲಿಗೆ ಬಂದ ದೋಷ

ಕೊಯಮತ್ತೂರಿನ ನಮ್ಮ ಕಲ್ಯಾಣಮಂಟಪದ ಸೈಟಿನಲ್ಲಿ ಕಟ್ಟಡಕ್ಕಿಂತ ಮೊದಲು ಎದ್ದು ನಿಂತದ್ದು ನನ್ನ ಎಕ್ಸೆಲ್ ಶೀಟು. ಪ್ರತಿ ಕೆಲಸಕ್ಕೂ ಒಂದು ನಂಬರು, ಶುರುವಾಗುವ ದಿನ, ಎಷ್ಟು ದಿನದ ಕೆಲಸ, ಯಾವ ನಂಬರಿನ ಕೆಲಸ ಮುಗಿದ ಮೇಲೆ ಎಂಬ ಕಾಲಂಗಳು. ಸೂತ್ರವು ಹಿಂದಿನ ಕೆಲಸವನ್ನು ನಂಬರಿನಿಂದ ಹುಡುಕಿ, ಅದರ ಶುರುವಿಗೆ ಅದರ ದಿನಗಳನ್ನು ಕೂಡಿಸಿ, ಮುಂದಿನದರ ಶುರುವನ್ನು ತಾನೇ ಹಾಕುತ್ತದೆ. ಪಕ್ಕದ ಬಣ್ಣದ ಪಟ್ಟಿಗಳೂ ಜೊತೆಗೇ ಜರುಗುತ್ತವೆ.

ಸ್ಲ್ಯಾಬ್ ಕೆಲಸ ತಡವಾಯಿತೆಂದು ಅದರ ದಿನಗಳನ್ನು ಹೆಚ್ಚಿಸಿದೆ. ಗಾರೆ ಜರುಗಿತು, ಪೇಂಟಿಂಗ್ ಜರುಗಿತು. ಉದ್ಘಾಟನೆ ಮಾತ್ರ ಕದಲಲಿಲ್ಲ. ಗಾರೆಯಿಲ್ಲದ ಗೋಡೆಗಳ ನಡುವೆ ಗಣಹೋಮ!

ಮಾಲೀಕ ಅಯ್ಯಾವು ಆ ಸಾಲಿನ ಸೂತ್ರದ ಮೇಲೆಯೇ ದಿನಾಂಕ ಕುಟ್ಟಿದ್ದರು.

"ಸೂತ್ರ ಯಾಕೆ ಅಳಿಸಿದ್ರಿ ಸಾರ್?"

"ನಿನ್ನ ಸೂತ್ರ ಅಷ್ಟಮಿ ದಿನ ತೋರಿಸ್ತಿತ್ತು ತಾಮರೈ. ಜೋಯಿಸರು ಹೇಳಿದ ದಿನ ಹಾಕ್ದೆ."

"ಪೇಂಟಿಂಗ್ ಮುಗೀದೆ ಉದ್ಘಾಟನೆ ಹೆಂಗೆ ಸಾರ್?"

"ಉದ್ಘಾಟನೆ ಪೇಂಟಿಂಗ್ ಮೇಲೆ ನಿಂತಿಲ್ಲಮ್ಮ, ಜೋಯಿಸರ ಮೇಲೆ ನಿಂತಿದೆ. ಹಾಗೇ ಬರಿ."

ನನಗೆ ರೇಗಿತು. ಸೂತ್ರವನ್ನು ಮರಳಿ ಹಾಕಿದೆ. 'ಯಾವ ನಂಬರಿನ ಕೆಲಸ ಮುಗಿದ ಮೇಲೆ' ಎಂಬ ಕಾಲಂನಲ್ಲಿ ಪೇಂಟಿಂಗಿನ ನಂಬರು ಅಳಿಸಿ 'ಜೋಯಿಸರು' ಎಂದು ಬರೆದೆ. ಆ ಹೆಸರಿನ ಕೆಲಸ ಶೀಟಿಗೆ ಎಲ್ಲಿ ಸಿಗಬೇಕು? ಉದ್ಘಾಟನೆಯ ದಿನಾಂಕ ಹೋಗಿ ಅಲ್ಲಿ #N/A ಎಂಬ ವಿಚಿತ್ರ ಗುರುತು ಬಂತು. ಪಟ್ಟಿಯೂ ಮಾಯ.

ಅಯ್ಯಾವು ಕನ್ನಡಕ ಏರಿಸಿದರು. "ಏನಮ್ಮ ಇದು?"

"ದೋಷ ಸಾರ್."

ಅವರ ಮುಖ ಬಿಳಿಚಿತು. "ಅಯ್ಯೋ ಮುರುಗಾ! ಪರಿಹಾರ ಏನಮ್ಮ?"

"ಪೇಂಟಿಂಗ್ ಮುಗಿಸೋದು ಸಾರ್."