ಎರಡರಷ್ಟು, ಮೇಲೊಂದು ಅರ್ಧ

ಪರದೇಶದ ಮಾರುಕಟ್ಟೆಯಲ್ಲಿ ಸುತ್ತುವಾಗ ದರ್ಜಿ ಕೆಲಸದ ಅತ್ತಿಗೆಯ ಕಣ್ಣಿಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯೊಂದು ಬಿತ್ತು. ಬೆಲೆ ಅಲ್ಲಿನ ಹಣದಲ್ಲಿ ಆರುನೂರ ನಲವತ್ತು.

"ಎರಡರಷ್ಟು ಮಾಡಿದ್ರೆ ಸಾವಿರದ ಇನ್ನೂರ ಎಂಬತ್ತು ರೂಪಾಯಿ. ನಮ್ಮೂರಲ್ಲಿ ಇದಕ್ಕೇ ಸಾವಿರದ ನಾನೂರು. ತಗೊಂಡ್ಬಿಡಿ ಅತ್ತಿಗೆ," ಎಂದಳು ನಾದಿನಿ.

"ಇಲ್ಲಿನ ನೂರಕ್ಕೆ ನಾವು ಇನ್ನೂರೈವತ್ತು ರೂಪಾಯಿ ಕೊಟ್ಟಿದೀವಲ್ಲೇ! ಮೇಲಿನ ಅರ್ಧ ನೀನು ಬಿಟ್ಟೆ ನೋಡು. ಇನ್ನೊಂದು ಮುನ್ನೂರ ಇಪ್ಪತ್ತು ಸೇರಿಸು, ಸಾವಿರದ ಆರುನೂರಾಯ್ತು."

"ಅಯ್ಯೋ, ಹಾಗಾದ್ರೆ ಬೇಡ, ನಡೀರಿ."

ಆದರೆ ಕತ್ತರಿ ಹೇಳಿ ಮಾಡಿಸಿದಂತೆ ಕೈಯಲ್ಲಿ ಕೂತಿತ್ತು. ಬಿಟ್ಟು ಹೋಗಲು ಅತ್ತಿಗೆ ಸಿದ್ಧಳಿರಲಿಲ್ಲ, ಊರಿಗಿಂತ ಹೆಚ್ಚು ಕೊಡಲೂ ಸಿದ್ಧಳಿರಲಿಲ್ಲ. ಲೆಕ್ಕವನ್ನು ತಿರುಗಿಸಿದಳು: ಸಾವಿರದ ನಾನೂರರ ನಾಲ್ಕರಷ್ಟು ಐದು ಸಾವಿರದ ಆರುನೂರು; ಒಂದು ಸೊನ್ನೆ ತೆಗೆದರೆ ಇಲ್ಲಿನ ಹಣದಲ್ಲಿ ಐನೂರ ಅರವತ್ತು. ಅದರಾಚೆ ಬಿಡಿಗಾಸೂ ಇಲ್ಲ.

ಅಂಗಡಿಯವನ ಕ್ಯಾಲ್ಕುಲೇಟರಿನಲ್ಲಿ ಐನೂರು ಒತ್ತಿ ತೋರಿಸಿದಳು. ಅವನು ನಕ್ಕು ಆರುನೂರು ಒತ್ತಿದ. ಅತ್ತಿಗೆ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು ಹೊರಟೇಬಿಟ್ಟಳು. ಮೂರನೆಯ ಅಂಗಡಿ ದಾಟುವಷ್ಟರಲ್ಲಿ ಅವನು ಕತ್ತರಿ ಹಿಡಿದು ಹಿಂದೆಯೇ ಓಡಿಬಂದ. ಐನೂರ ನಲವತ್ತಕ್ಕೆ ವ್ಯಾಪಾರ ಕುದುರಿತು.

"ಸಾವಿರದ ಮುನ್ನೂರ ಐವತ್ತು," ಎನ್ನುತ್ತಾ ಅತ್ತಿಗೆ ಕತ್ತರಿಯನ್ನು ಚೀಲಕ್ಕೆ ಸೇರಿಸಿದಳು.

ನಾದಿನಿ ಅವಳ ತೋಳು ಹಿಡಿದೆಳೆದಳು. "ನಂಗೊಂದು ಜೊತೆ ಚಪ್ಪಲಿ ಬೇಕು. ಬನ್ನಿ, ನೀವೇ ಮಾತಾಡಿ."