ಓದಿನ ಪಟ್ಟಿಗೆ ಬಿದ್ದ ಕತ್ತರಿ

ಪಿಎಚ್‌ಡಿ ಅರ್ಹತಾ ಪರೀಕ್ಷೆಗೆ ನಾನು ಓದಬೇಕಾದ ಪಟ್ಟಿ ಹನುಮಂತನ ಬಾಲದಂತೆ ಬೆಳೆದಿತ್ತು. ಪರೀಕ್ಷಕರಿಬ್ಬರದು ಎಣ್ಣೆ-ಸೀಗೆಕಾಯಿ ಸಂಬಂಧ. ಒಬ್ಬರು ಒಂದು ಪುಸ್ತಕ ಸೇರಿಸಿದರೆ ಇನ್ನೊಬ್ಬರು ಎರಡು ಸೇರಿಸುತ್ತಿದ್ದರು. ಗೈಡ್ ಮೇಡಂ ಮುಂದೆ ಗೋಳಾಡಿದೆ.

“ಪೆದ್ದ, ಒಬ್ರು ಸೇರ್ಸಿದ್ದನ್ನ ಇನ್ನೊಬ್ರಿಗೆ ತೋರ್ಸಿ, ಬೇಡದ್ದನ್ನ ಹೊಡೆದುಹಾಕಿ ಅನ್ನು. ಸಹಿ ಬಿದ್ಮೇಲೆ ಪಟ್ಟೀಲಿ ಇಲ್ದಿರೋದನ್ನ ಯಾರೂ ಕೇಳೋ ಹಾಗಿಲ್ಲ.”

ಮದ್ದು ನಾಟಿತು. ಇಬ್ಬರೂ ಸೇಡು ತೀರಿಸಿಕೊಂಡು ಸಹಿ ಹಾಕಿದರು, ಪಟ್ಟಿ ಅರ್ಧಕ್ಕಿಳಿಯಿತು. ಆದರೆ ಇಬ್ಬರೂ ಒಮ್ಮತದಿಂದ ಹೊಡೆದುಹಾಕಿದ ಪುಸ್ತಕ ಒಂದೇ: ಮೇಡಂ ತಾವೇ ಬರೆದು ಪಟ್ಟಿಗೆ ಸೇರಿಸಿದ್ದದ್ದು.

ಮೇಡಂ ನನ್ನ ಓದಿನ ವೇಳಾಪಟ್ಟಿಯನ್ನು ಎಳೆದುಕೊಂಡು ನೋಡಿದರು. “ಮೊದಲ್ನೇ ತಿಂಗಳು ಪೂರ್ತಿ ನೀನು ನನ್ನ ಪುಸ್ತಕಾನೇ ಓದ್ಬೇಕಂತಿದ್ದೆ. ಪಾಪ, ನಿಂಗೆ ಬೇಜಾರಾಗಿರ್ಬೇಕು.”

ಬೇಜಾರಿನ ಮುಖ ಮಾಡಲು ನಾನು ಪಟ್ಟ ಪಾಡಿನ ಮುಂದೆ ಅರ್ಹತಾ ಪರೀಕ್ಷೆ ಯಾವ ಲೆಕ್ಕ!