ಗಡಿಯಾರದ ದಿಕ್ಕಿಗೆ ತಿರುಗಿದ ಸುತ್ತು

ಮೌನೇಶ್ವರಿಯ ಗ್ರಾಫಿನಲ್ಲಿ ಹೇನುಗಳು ಗುಲಗಂಜಿ ಹುಳಗಳನ್ನು ತಿನ್ನುತ್ತಿದ್ದವು.

ರಾಯಚೂರಿನಲ್ಲಿ ಕೀಟಶಾಸ್ತ್ರದ ಎಂಎಸ್ಸಿ ಎರಡನೇ ವರ್ಷ. ದೇವದುರ್ಗದ ಹತ್ತಿರ ಗುಲಾಮ್ ದಸ್ತಗೀರ್ ಅವರ ಕುಸುಬಿ ಹೊಲದಲ್ಲಿ ನಾಲ್ಕು ಸಾಲು ಅವಳ ಪ್ರಯೋಗಕ್ಕೆ. ಹತ್ತು ವಾರ, ವಾರಕ್ಕೊಮ್ಮೆ, ಪ್ರತಿ ಗಿಡದ ತುದಿಯಲ್ಲಿ ರಸ ಹೀರುವ ಹೇನು ಎಷ್ಟು, ಅವನ್ನು ತಿನ್ನುವ ಕೆಂಪು ಬೆನ್ನಿನ ಗುಲಗಂಜಿ ಹುಳ ಎಷ್ಟು ಎಂಬ ಎಣಿಕೆ. ಅವಳು ಬರದ ವಾರಗಳಲ್ಲಿ ಕೂಲಿಗೆ ಬರುವ ಗೋಪಮ್ಮ ಎಣಿಸಿದ್ದಳು.

ಪುಸ್ತಕದ ಮಾದರಿ ಸರಳ. ಹೇನು ತಾನಾಗಿ ಹೆಚ್ಚುತ್ತದೆ, ಹುಳಕ್ಕೆ ಸಿಕ್ಕರೆ ಮಾತ್ರ ಸಾಯುತ್ತದೆ. ಹುಳ ತಿಂದಷ್ಟು ಹೆಚ್ಚುತ್ತದೆ, ತಿನ್ನಲು ಇಲ್ಲದಾಗ ಸಾಯುತ್ತದೆ. ಅಡ್ಡಗೆರೆಯ ಮೇಲೆ ಹೇನು, ನಿಂತಗೆರೆಯ ಮೇಲೆ ಹುಳ ಇಟ್ಟು ವಾರಕ್ಕೊಂದು ಚುಕ್ಕೆ ಹಾಕುತ್ತ ಹೋದರೆ ಮೊದಲು ಹೇನು ಹೆಚ್ಚಿ ಗೆರೆ ಬಲಕ್ಕೆ ಹೋಗಬೇಕು, ಆಮೇಲೆ ಹುಳ ಹೆಚ್ಚಿ ಮೇಲಕ್ಕೆ, ಹೇನು ಕಡಿಮೆಯಾಗಿ ಎಡಕ್ಕೆ, ಕೊನೆಗೆ ಹುಳವೂ ಸತ್ತು ಕೆಳಕ್ಕೆ. ಸುತ್ತು ಗಡಿಯಾರಕ್ಕೆ ವಿರುದ್ಧ ತಿರುಗಿ ಹೊರಟಲ್ಲಿಗೇ ಬರಬೇಕು. ಇವಳದು ಗಡಿಯಾರದ ದಿಕ್ಕಿಗೇ ತಿರುಗಿತ್ತು. ಮೊದಲು ಹುಳ ಹೆಚ್ಚಿ, ಆಮೇಲೆ ಹೇನು; ಹೇನೇ ಹುಳವನ್ನು ತಿಂದಂತೆ.

ಗುರುವಾರದೊಳಗೆ ಕಾರಣ ತೋರಿಸದಿದ್ದರೆ ಈ ಹಂಗಾಮಿನ ಎಣಿಕೆ ಬಿಟ್ಟು ಮುಂದಿನ ಹಿಂಗಾರಿಗೆ ಹೊಸದಾಗಿ ಎಣಿಸಬೇಕು ಎಂದು ಗೈಡ್ ಪಂಪಾಪತಿ ಸರ್ ಹೇಳಿದ್ದರು. ಎಂದರೆ ಇನ್ನೊಂದು ವರ್ಷ.

"ಎರಡೂ ಗೆರಿ ಅಂಕಿ ಅದಲುಬದಲು ಮಾಡು, ಸುತ್ತು ತಾನ ಹೊಳ್ಳತದ," ಎಂದ ಲ್ಯಾಬಿನ ಸೀನಿಯರ್ ಬಸವಲಿಂಗ.

ಅದು ನಿಜ. ಗೆರೆಗಳ ಹೆಸರು ಅಲ್ಲೇ ಬಿಟ್ಟು ಅಂಕಿಗಳನ್ನು ಬದಲಿಸಿದರೆ ಸುತ್ತು ತಿರುಗುತ್ತದೆ. ಅವಳು ಬದಲಿಸಿ ನೋಡಿದಳು. ಸುತ್ತು ಚೆಂದವಾಗಿ ಬಂತು. ಆದರೆ ಒಂದು ಗಿಡಕ್ಕೆ ನೂರೈವತ್ತು ಗುಲಗಂಜಿ ಹುಳ, ಆರು ಹೇನು ಎಂದು ಓದಬೇಕಾಯಿತು.

"ಸರ್‌ಗ ಕಣ್ಣು ಕಾಣ್ತಾವಣ್ಣ," ಎಂದು ಅಳಿಸಿದಳು.

ಬುಧವಾರ ಬೆಳಿಗ್ಗೆ ದೇವದುರ್ಗದ ಬಸ್ಸು ಹಿಡಿದಳು. ಗೋಪಮ್ಮ ತಪ್ಪು ಖಾನೆಯಲ್ಲಿ ಬರೆದಿರಬಹುದು ಎಂಬ ಗುಮಾನಿ ಅವಳದು. ಗುಲಗಂಜಿ ಹುಳದ ಮರಿ ಕಪ್ಪಗೆ, ಉದ್ದಗೆ, ಮುಳ್ಳುಮುಳ್ಳಾಗಿ ಇರುತ್ತದೆ. ತಾಯಿಯ ಹೋಲಿಕೆಯೇ ಇಲ್ಲ.

ಗೋಪಮ್ಮ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದಳು. ಮೌನೇಶ್ವರಿ ಬದುವಿನ ಹಸಿರು ಕಳೆಗಿಡದಿಂದ ಒಂದು ಮರಿಯನ್ನು ಎಲೆಸಮೇತ ಕಿತ್ತು ಮುಂದೆ ಹಿಡಿದಳು.

"ಇದು ಯಾವುದಬೇ?"

"ಗುಲಗಂಜಿ ಮರಿ. ನೀನ ಹೇಳಿಕೊಟ್ಟಿ, ಈಗ ನನಗ ಪರೀಕ್ಷಾ ಮಾಡಾಕತ್ತೀಯೇನು?"

ಖಾನೆ ತಪ್ಪಿರಲಿಲ್ಲ. ಮೌನೇಶ್ವರಿ ಹಾಳೆ ತೆಗೆದಳು. "ಮತ್ತ ಮೂರನೇ ವಾರ ಹೇನು ಅಷ್ಟು ಇಲ್ದಾಗ ಹುಳ ಎಲ್ಲಿಂದ ಬಂದ್ವು?"

"ಆ ಕಡೆಯಿಂದ." ಗೋಪಮ್ಮ ರೊಟ್ಟಿ ಹಿಡಿದ ಕೈಯಿಂದಲೇ ಬದುವಿನಾಚೆ ತೋರಿಸಿದಳು. ಅಲ್ಲಿ ಕೊಯ್ದ ಜೋಳದ ಕೂಳೆ ಇತ್ತು. "ದನಕ್ಕಂತ ಹಸಿ ಜೋಳ ಕೊಯ್ದರು. ಅದರಾಗಿನ ಹುಳ ಎಲ್ಲಾ ಇತ್ತ ಹಾರಿಬಂದ್ವು. ನನ್ನ ಸೆರಗಿನ ಮ್ಯಾಲೂ ಕುಂತಿದ್ವು."

"ಆಮ್ಯಾಲ ಹೇನು ಕಡಿಮಿ ಆಗಬೇಕಿತ್ತಲ್ಲ. ಹೆಚ್ಚಾದ್ವು."

"ಒಂದು ಹುಳ ಎಷ್ಟಂತ ತಿಂತದ? ಹೊಟ್ಟಿ ತುಂಬಿದ್ದು ಸುಮ್ನ ಕುಂತಿರತದ. ಹೇನು ಹಡಿಯೋದು ಬಿಡತಾವೇನು?"

"ಮತ್ತ ಆರನೇ ವಾರ ಹುಳ ಯಾಕ ಹೋದ್ವು?"

"ದಸ್ತಗೀರ್ ಸಾಹೇಬ್ರು ಹುಳ ಸಾಯೋ ಎಣ್ಣಿ ಹೊಡೆದ್ರಲ್ಲ. ನಿನ್ನ ಸಾಲು ಬಿಟ್ಟ ಹೊಡೆದ್ರು, ಗಾಳಿ ಬಿಡಲಿಲ್ಲ. ಓಡಾಡೋ ಹುಳ ಸತ್ವು, ಎಲಿ ಕೆಳಗಿನ ಹೇನು ಉಳದ್ವು. ಗಿಡ ಒಣಗಿದ ಮ್ಯಾಲ ಅವೂ ರೆಕ್ಕಿ ಕಟ್ಟಿಕೊಂಡು ಹೋದ್ವು."

ಮೌನೇಶ್ವರಿಗೆ ಸಿಟ್ಟು ಬಂತು. "ಇದನ್ನೆಲ್ಲಾ ಮೊದಲ ಯಾಕ ಹೇಳಲಿಲ್ಲಬೇ?"

"ಎಣಿಸು ಅಂದಿ, ಎಣಿಸಿದೆ. ಹೇಳು ಅಂದಿದ್ದಿಲ್ಲ."

ಹಾಳೆಯಲ್ಲಿ ಎರಡೇ ಖಾನೆ ಇದ್ದವು. ಗೆರೆ ಎಳೆದವಳು ಮೌನೇಶ್ವರಿಯೇ. ಅವಳು ಕೂತು ಮೂರು ತಾರೀಖು ಬರೆದುಕೊಂಡಳು. ಎಣ್ಣೆ ಹೊಡೆದ ದಿನವನ್ನು ಗೋಪಮ್ಮ ಖಚಿತವಾಗಿ ಹೇಳಿದಳು. ಅದು ದೇವದುರ್ಗದ ಸಂತೆಯ ದಿನ, ಅವಳಿಗೆ ಬಸ್ಸು ತಪ್ಪಿತ್ತು.

ಗುರುವಾರ ಪಂಪಾಪತಿ ಸರ್ ಗ್ರಾಫನ್ನು ಬಹಳ ಹೊತ್ತು ನೋಡಿದರು. ಸುತ್ತು ಗಡಿಯಾರದ ದಿಕ್ಕಿಗೇ ಇತ್ತು. ಅದರ ಮೇಲೆ ಮೂರು ಬಾಣದ ಗುರುತು: ಜೋಳದ ಕೊಯ್ಲು, ಎಣ್ಣೆ, ಒಣಗಿದ ಗಿಡ.

"ಅಂದ್ರ ಸಮೀಕರಣ ಸುಳ್ಳೇನವ್ವಾ?"

"ಸುಳ್ಳಲ್ಲ ಸರ್. ಅದರ ಹೊಲಕ್ಕ ಬದು ಇಲ್ಲ, ಬಾಜೂಕ ಯಾರೂ ಇಲ್ಲ. ಹುಳಕ್ಕ ಹೊಟ್ಟಿ ತುಂಬೋದಿಲ್ಲ, ಗಿಡ ಒಣಗೋದಿಲ್ಲ."

"ಒಂದ ಸುತ್ತು. ಒಂದರಿಂದ ಏನು ಸಿದ್ಧ ಆಗತದ?"

"ಏನೂ ಆಗೋದಿಲ್ಲ ಸರ್. ಹಂಗ ಅಂತಾನೂ ಬರದೀನಿ."

ಅವರು ಆ ಪುಟ ಹುಡುಕಿ ಓದಿದರು. ಪೆನ್ಸಿಲ್ಲಿನಿಂದ ಒಂದು ಕಾಗುಣಿತ ತಿದ್ದಿ, ಅಧ್ಯಾಯದ ಕೊನೆಗೆ ಸಹಿ ಮಾಡಿದರು. ಆಮೇಲೆ ಎಣಿಕೆಯ ಖಾಲಿ ಹಾಳೆಯೊಂದನ್ನು ಎಳೆದುಕೊಂಡರು.

"ಮುಂದಿನ ವರ್ಷ ನಿನ್ನ ಜೂನಿಯರ್ ಅರೀಬಾ ಮಾನ್ವಿ ಕಡೆ ಎಣಿಸತಾಳ. ಆಕಿಗೆ ಹೊಸ ಹಾಳಿ ಮಾಡಿಕೊಡು. ಮೂರನೇ ಖಾನಿಗೆ ಏನು ಹೆಸರು?"

ಮೌನೇಶ್ವರಿ ಸ್ವಲ್ಪ ಯೋಚಿಸಿ ಬರೆದಳು: 'ಬದುವಿನಾಚೆ.'